ಮುಚ್ಚಿದ ಬಾಗಿಲಿನಾಚೆಯ ಮಳೆ: 74 ಸೆಕೆಂಡುಗಳ ಮೂಕ ದೃಶ್ಯಕ್ಕೆ ಸದ್ದು ಕೂರಿಸಿದ ಬಗೆ

ಕೈಗೆ ಬಂದದ್ದು 74 ಸೆಕೆಂಡುಗಳ, ಆರು ಶಾಟ್‌ಗಳ ಒಂದು ದೃಶ್ಯ. ಅದರಲ್ಲಿ ಧ್ವನಿ ಇಲ್ಲವೇ ಇಲ್ಲ. ಸಂಜೆ ಹೊತ್ತು, ಹೊರಗೆ ಜೋರು ಮಳೆ. ನಡುವಯಸ್ಸಿನ ಒಬ್ಬಾತ ಬಾಗಿಲು ತೆರೆದು ಕೋಣೆಯೊಳಗೆ ಬರುತ್ತಾನೆ, ಬಾಗಿಲು ಮುಚ್ಚುತ್ತಾನೆ, ತೊಯ್ದ ಜಾಕೆಟ್ ಕಳಚಿ ಕುರ್ಚಿಯ ಬೆನ್ನಿಗೆ ಹಾಕುತ್ತಾನೆ, ಕೋಣೆ ದಾಟಿ ಹೋಗಿ ಮೇಜಿನ ಮೇಲೆ ಬೀಗದ ಕೈ ಗೊಂಚಲನ್ನು ಇಡುತ್ತಾನೆ, ಕೊನೆಗೆ ಕಿಟಕಿಯ ಗಾಜಿನ ಮೇಲೆ ಇಳಿಯುವ ನೀರನ್ನು ನೋಡುತ್ತ ನಿಲ್ಲುತ್ತಾನೆ. ಗೋಡೆಯ ಮೇಲೊಂದು ಗಡಿಯಾರವಿದೆ. ಮಾತಿಲ್ಲ, ಸಂಗೀತವೂ ಬೇಡವೆಂದು ನಿರ್ದೇಶಕರು ಮೊದಲೇ ಹೇಳಿದ್ದರು. ಹಾಗಾಗಿ ಈ ಮನುಷ್ಯ ನಿಜವಾಗಿಯೂ ಆ ಕೋಣೆಯಲ್ಲಿದ್ದಾನೆ ಎಂದು ನಂಬಿಸುವ ಹೊಣೆಯೆಲ್ಲ ಸದ್ದಿನದ್ದೇ.

ಇಂಥ ಕೆಲಸದಲ್ಲಿ ಎಲ್ಲರಿಗೂ ಮೊದಲು ತೋಚುವುದು ಒಂದು ಮಳೆಯ ರೆಕಾರ್ಡಿಂಗ್ ತಂದು ದೃಶ್ಯದ ಉದ್ದಕ್ಕೂ ಹಾಸಿಬಿಡುವುದು. ಹಾಗೆ ಹಾಸಿದರೆ ಮಳೆ ಕೇಳಿಸುತ್ತದೆ, ಆದರೆ ಗೋಡೆ ಕೇಳಿಸುವುದಿಲ್ಲ. ಒಳಗೆ ಬಂದವನು ಒಳಗೆ ಬಂದಂತೆ ಅನ್ನಿಸುವುದೇ ಇಲ್ಲ. ನಾನು ಈ ದೃಶ್ಯದಲ್ಲಿ ಹಿಡಿದು ಹೊರಟದ್ದು ಒಂದೇ ಎಳೆ: ಚಿತ್ರದಲ್ಲಿ ಬಾಗಿಲು ಮಾಡುವ ಕೆಲಸವನ್ನು ಸದ್ದಿನಲ್ಲಿಯೂ ಬಾಗಿಲೇ ಮಾಡಬೇಕು.

ಮೊದಲು ಒಂದು ಒಣ ಕೆಲಸ ಮುಗಿಸಬೇಕಿತ್ತು. ದೃಶ್ಯವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದರು. ಮೊಬೈಲುಗಳು ಬೆಳಕಿಗೆ ತಕ್ಕಂತೆ ಫ್ರೇಮ್ ವೇಗವನ್ನು ಏರಿಳಿಸುತ್ತವೆ. ಅಂಥ ಕಡತದ ಮೇಲೆ ನೇರವಾಗಿ ಸದ್ದು ಕೂರಿಸಿದರೆ ಮೊದಲ ಹೆಜ್ಜೆ ಸರಿಯಾಗಿ ಕೂತು, ಕೊನೆಯ ಹೆಜ್ಜೆ ಜಾರಿರುತ್ತದೆ. ಎಲ್ಲಿ ಜಾರಿತೆಂದು ಹುಡುಕುವುದು ಪ್ರಾಣಸಂಕಟ. ಆದ್ದರಿಂದ ಸೆಕೆಂಡಿಗೆ 25 ಫ್ರೇಮ್‌ಗಳ ಸ್ಥಿರ ವೇಗಕ್ಕೆ ತಂದುಕೊಂಡೆ.

```
ffmpeg -i mula.mp4 -an -vf fps=25 -c:v libx264 -crf 16 drishya.mp4
```

ಧ್ವನಿಯ ಪ್ರಾಜೆಕ್ಟನ್ನು 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ತೆರೆದೆ. ಸದ್ದಿಲ್ಲದೆ ದೃಶ್ಯವನ್ನು ಮತ್ತೆ ಮತ್ತೆ ನೋಡಿ ಪಟ್ಟಿ ಬರೆದುಕೊಂಡೆ: ಯಾವ ಕ್ಷಣದಲ್ಲಿ ಏನು ಕಾಣುತ್ತದೆ, ಕಾಣದಿದ್ದರೂ ಏನು ಕೇಳಬೇಕು. ಎರಡನೆಯ ಕಾಲಂ ಹೆಚ್ಚು ಮುಖ್ಯ. ಮೂರನೆಯ ಶಾಟ್‌ನಲ್ಲಿ ಕ್ಯಾಮೆರಾ ಆತನ ಮುಖದ ಮೇಲಿದೆ, ಕಾಲು ಚೌಕಟ್ಟಿನ ಹೊರಗಿವೆ, ಆದರೆ ಹೆಗಲು ಏರಿಳಿಯುತ್ತಿದೆ. ಅಲ್ಲಿ ನಾಲ್ಕು ಹೆಜ್ಜೆಗಳಿವೆ. ಅವನ್ನು ಬಿಟ್ಟರೆ ಆತ ತೇಲಿಕೊಂಡು ಬಂದಂತಾಗುತ್ತದೆ.

ಮಳೆಯನ್ನು ಪದರ ಪದರವಾಗಿ ಕಟ್ಟುವುದು

ಮಳೆಗೆ ತನ್ನದೇ ಆದ ಸದ್ದು ಬಹಳ ಕಡಿಮೆ. ನಮಗೆ ಕೇಳಿಸುವುದು ಅದು ಯಾವುದರ ಮೇಲೆ ಬೀಳುತ್ತಿದೆಯೋ ಅದರ ಸದ್ದು. ಬಯಲಿನಲ್ಲಿ ಮೈಕ್ ಹಿಡಿದು ಮಳೆಯನ್ನು ರೆಕಾರ್ಡ್ ಮಾಡಿದರೆ ಸಿಗುವುದು ಬರಿಯ ಭೋರೆಂಬ ಸದ್ದು. ಅದನ್ನು ಚಿತ್ರದ ಕೆಳಗಿಟ್ಟರೆ ನೋಡುವವರು ಮಳೆ ಎಂದುಕೊಳ್ಳುವುದಿಲ್ಲ, ರೆಕಾರ್ಡಿಂಗ್‌ನಲ್ಲೇ ಏನೋ ದೋಷವಿದೆ ಎಂದುಕೊಳ್ಳುತ್ತಾರೆ. ಕಿವಿಗೆ ಹನಿಗಳು ಬಿಡಿಬಿಡಿಯಾಗಿ ಸಿಗಬೇಕು.

ಹಾಗಾಗಿ ಮೂರು ಪದರಗಳು. ಮೊದಲನೆಯದು ದೂರದ ಮಳೆ, ಅದೇ ಭೋರ್ಗರೆತ, ಬರಿಯ ತಳಪಾಯವಾಗಿ. ಎರಡನೆಯದು ಸೂರಿನಿಂದ ನೆಲಕ್ಕೂ ಕಿಟಕಿಯ ಕೆಳಗಿನ ಕಲ್ಲಿಗೂ ತೊಟ್ಟಿಕ್ಕುವ ಹನಿಗಳು. ಮೈಕನ್ನು ಹನಿ ಬೀಳುವ ಜಾಗದಿಂದ ಮೊಳದಷ್ಟು ದೂರದಲ್ಲಿ, ನೀರು ಸಿಡಿಯದಂತೆ ಓರೆಯಾಗಿಟ್ಟು ಇದನ್ನು ಹಿಡಿದೆ. ಮೂರನೆಯದು ಗಾಜಿಗೆ ಬಡಿಯುವ ಹನಿ. ಇದನ್ನು ಒಳಗಿನಿಂದ, ಮುಚ್ಚಿದ ಕಿಟಕಿಯ ಗಾಜಿಗೆ ತೀರಾ ಹತ್ತಿರ ಮೈಕ್ ಇಟ್ಟು ರೆಕಾರ್ಡ್ ಮಾಡಿದೆ. ಇವುಗಳ ಅಡಿಯಲ್ಲಿ ಕೋಣೆಯ ಮೌನ, ಅಂದರೆ ರೂಮ್ ಟೋನ್. ಚಿತ್ರದಲ್ಲಿರುವಷ್ಟೇ ದೊಡ್ಡ ಕೋಣೆಯೊಂದರಲ್ಲಿ ಫ್ಯಾನ್, ಫ್ರಿಜ್ ಎಲ್ಲವನ್ನೂ ಆರಿಸಿ, ಅಲುಗಾಡದೆ ಕುಳಿತು ಎರಡು ನಿಮಿಷ ಹಿಡಿದದ್ದು. ಒಂಟಿಯಾಗಿ ಕೇಳಿದರೆ ಅದರಲ್ಲಿ ಏನೂ ಇಲ್ಲ. ತೆಗೆದು ನೋಡಿದರೆ ಮಾತ್ರ ಬೀಗದ ಕೈಯ ಸದ್ದು ನಿರ್ವಾತದಲ್ಲಿ ಬಿದ್ದಂತೆ ಕೇಳುತ್ತದೆ.

ದೂರದ ಮಳೆಗೆ ನನ್ನ ಬಳಿಯಿದ್ದ ಒಳ್ಳೆಯ ತುಣುಕು ದೃಶ್ಯಕ್ಕಿಂತ ಚಿಕ್ಕದು. ಅದನ್ನೇ ಮರಳಿ ಮರಳಿ ಓಡಿಸಿದರೆ, ಅದರಲ್ಲಿ ಎದ್ದು ಕೇಳುವ ಒಂದು ಹನಿ ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಬರುತ್ತದೆ, ಕಿವಿ ಬೇಗನೆ ಅದನ್ನು ಪತ್ತೆ ಹಚ್ಚಿಬಿಡುತ್ತದೆ. ಉಪಾಯವೆಂದರೆ ಉದ್ದ ಹೊಂದದ ಎರಡು ತುಣುಕುಗಳನ್ನು ಒಟ್ಟಿಗೆ ಓಡಿಸುವುದು. ಒಂದು 23 ಸೆಕೆಂಡು, ಇನ್ನೊಂದು 31 ಸೆಕೆಂಡು. ಎರಡೂ ಮತ್ತೆ ಆರಂಭದಲ್ಲಿದ್ದಂತೆಯೇ ಹೊಂದಿಕೊಳ್ಳಲು 713 ಸೆಕೆಂಡು ಬೇಕು, ದೃಶ್ಯ ಅಷ್ಟರಲ್ಲಿ ಎಂದೋ ಮುಗಿದಿರುತ್ತದೆ. ಎದ್ದು ಕೇಳುವ ಹನಿಗಳನ್ನು ಮೊದಲೇ ಕತ್ತರಿಸಿ ತೆಗೆದೆ. ಬೆಸುಗೆಯ ಕಡೆಗಳಲ್ಲಿ ಒಂದು ತುಣುಕು ಇಳಿಯುತ್ತ ಇನ್ನೊಂದು ಏರುವಂತೆ ಮೂರು ಸೆಕೆಂಡಿನ ಕ್ರಾಸ್‌ಫೇಡ್ ಕೊಟ್ಟೆ, ಅದೂ ಸಮಶಕ್ತಿಯ ಬಗೆಯದು. ಸರಳರೇಖೆಯ ಫೇಡ್ ಕೊಟ್ಟರೆ ನಡುವೆ ಮಳೆ 3 ಡೆಸಿಬೆಲ್‌ನಷ್ಟು ಕುಸಿಯುತ್ತದೆ, ಮಳೆ ಉಸಿರಾಡಿದಂತೆ ಕೇಳುತ್ತದೆ.

ಬಾಗಿಲು

ಈಗ ಮುಖ್ಯ ಭಾಗ. ಬಾಗಿಲು ಮುಚ್ಚಿದಾಗ ಮಳೆ ಬರಿ ಕಡಿಮೆಯಾಗುವುದಿಲ್ಲ, ಅದರ ಬಣ್ಣವೇ ಬದಲಾಗುತ್ತದೆ. ಗಟ್ಟಿಯಾದ ಅಡ್ಡಗೋಡೆ ಎತ್ತರದ ಸ್ವರಗಳನ್ನು ಹೆಚ್ಚು ತಡೆಯುತ್ತದೆ, ತಗ್ಗಿನವನ್ನು ಕಡಿಮೆ. ಸ್ಥೂಲವಾಗಿ ಹೇಳುವುದಾದರೆ ಆವರ್ತನ ಎರಡು ಪಟ್ಟಾದಂತೆಲ್ಲ ಗೋಡೆ ಇನ್ನೂ 6 ಡೆಸಿಬೆಲ್ ಹೆಚ್ಚು ತಡೆಯುತ್ತದೆ. ಸ್ವರಗಳ ಮಟ್ಟ ತಿದ್ದುವ ಈಕ್ಯೂನಲ್ಲಿ ಸಿಗುವ, ಎತ್ತರದ ಸ್ವರಗಳನ್ನು ಇಳಿಸುವ ಅತಿ ಮಂದ ಇಳಿಜಾರಿನ ಲೋ-ಪಾಸ್ ಫಿಲ್ಟರ್‌ನ ಇಳಿತವೂ ಅಷ್ಟೇ, ಆಕ್ಟೇವಿಗೆ 6 ಡೆಸಿಬೆಲ್. ಆದ್ದರಿಂದ ಕಡಿದಾದ ಫಿಲ್ಟರುಗಳನ್ನು ಬಿಟ್ಟು ಇದನ್ನೇ ಹಾಕಿದೆ, 500 ಹರ್ಟ್ಸ್ ಸುತ್ತಮುತ್ತ. ಜತೆಗೆ ಮಟ್ಟವನ್ನು 12 ಡೆಸಿಬೆಲ್ ಇಳಿಸಿದೆ. ಕಡಿದಾದ ಫಿಲ್ಟರ್ ಹಾಕಿದರೆ ಮಳೆ ಕಂಬಳಿಯೊಳಗೆ ಸಿಕ್ಕಿಕೊಂಡಂತೆ ಕೇಳುತ್ತದೆ.

ಆದರೆ ನಿಜವಾದ ಬಾಗಿಲಿಗೆ ಸಂದುಗಳಿವೆ. ಕೆಳಗಿನ ಸಂದಿನಿಂದ ಎತ್ತರದ ಸ್ವರಗಳು ತೆಳ್ಳಗೆ ನುಸುಳುತ್ತಲೇ ಇರುತ್ತವೆ. ಹಾಗಾಗಿ ಫಿಲ್ಟರ್ ಇಲ್ಲದ ಮಳೆಯ ಒಂದು ಪ್ರತಿಯನ್ನು ತೆರೆದ ಬಾಗಿಲಿನ ಮಟ್ಟಕ್ಕಿಂತ 26 ಡೆಸಿಬೆಲ್ ಕೆಳಗೆ ಇಟ್ಟೆ. ಇದ್ದದ್ದು ಗೊತ್ತಾಗದಷ್ಟು ಸಣ್ಣದು. ಇದನ್ನು ತೆಗೆದರೆ ಕೋಣೆ ಮುಚ್ಚಿದ ಪೆಟ್ಟಿಗೆಯಾಗುತ್ತದೆ.

ಚಿತ್ರದಲ್ಲಿ ಬಾಗಿಲು ತೆರೆಯಲು 14 ಫ್ರೇಮ್ ಹಿಡಿಯುತ್ತದೆ, ಅಂದರೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಮಟ್ಟವನ್ನೂ ಫಿಲ್ಟರನ್ನೂ ಈ 14 ಫ್ರೇಮ್‌ಗಳಲ್ಲಿ ಸಮನಾಗಿ ಏರಿಸಿ ನೋಡಿದರೆ, ಯಾರೋ ವಾಲ್ಯೂಮ್ ಗುಂಡಿ ತಿರುಗಿಸುತ್ತಿರುವಂತೆ ಕೇಳುತ್ತದೆ. ಕಾರಣ ಸರಳ. ಸದ್ದಿಗೆ ಸಣ್ಣ ಸಂದೇ ಸಾಕು. ಗೋಡೆಯ ನೂರರಲ್ಲಿ ಒಂದು ಪಾಲಿನಷ್ಟು ತೆರಪಿದ್ದರೆ, ಉಳಿದ ಗೋಡೆ ಎಷ್ಟೇ ದಪ್ಪವಿರಲಿ, ಒಟ್ಟು ತಡೆ 20 ಡೆಸಿಬೆಲ್ ದಾಟುವುದಿಲ್ಲ. ಹತ್ತರಲ್ಲೊಂದು ಪಾಲು ತೆರೆದರೆ ಉಳಿಯುವುದು 10 ಡೆಸಿಬೆಲ್ ಮಾತ್ರ. ಹಾಗೆಂದ ಮೇಲೆ ಬಾಗಿಲು ನಾಲ್ಕು ಬೆರಳಗಲ ಸರಿಯುವಷ್ಟರಲ್ಲೇ ಮಳೆ ಬಹುಪಾಲು ಒಳಗೆ ನುಗ್ಗಿರುತ್ತದೆ. ಅಲ್ಲಿಂದ ಪೂರ್ತಿ ತೆರೆಯುವವರೆಗೆ ಆಗುವ ಬದಲಾವಣೆ ಸ್ವಲ್ಪವೇ.

ಅದಕ್ಕೆ ತಕ್ಕಂತೆ ಗೆರೆ ಎಳೆದೆ. ಮೊದಲ ನಾಲ್ಕು ಫ್ರೇಮ್‌ಗಳಲ್ಲಿ ಫಿಲ್ಟರ್ 500 ಹರ್ಟ್ಸ್‌ನಿಂದ 6,000ಕ್ಕೆ ಜಿಗಿಯುತ್ತದೆ, ಮಟ್ಟ 12 ಡೆಸಿಬೆಲ್‌ಗಳಲ್ಲಿ 8ರಷ್ಟು ಏರುತ್ತದೆ. ಉಳಿದ ಹತ್ತು ಫ್ರೇಮ್‌ಗಳಲ್ಲಿ ಮಿಕ್ಕದ್ದು ನಿಧಾನವಾಗಿ. ಮುಚ್ಚುವಾಗ ಇದರ ತಿರುವುಮುರುವು: ಬಾಗಿಲು ಚೌಕಟ್ಟಿನ ಹತ್ತಿರ ಬರುವವರೆಗೂ ಮಳೆ ಹೆಚ್ಚು ಕಡಿಮೆ ಹಾಗೆಯೇ ಇದ್ದು, ಕೊನೆಯ ಮೂರು ಫ್ರೇಮ್‌ಗಳಲ್ಲಿ ಕತ್ತರಿಸಿದಂತೆ ಬಿದ್ದುಹೋಗುತ್ತದೆ. ಆ ಬೀಳುವಿಕೆಯ ಮೇಲೆಯೇ ಬಾಗಿಲಿನ ಧಡ್ ಎಂಬ ಸದ್ದು ಕೂರುತ್ತದೆ. ಈ ಒಂದು ತಿರುವು ಸರಿಯಾದ ಮೇಲೆ ಕೋಣೆಗೆ ಗೋಡೆ ಬಂತು. ಮುಂದಿನ ಎಲ್ಲ ಕೆಲಸ ಇದರ ಮೇಲೆ ನಿಂತದ್ದು.

ಬಾಗಿಲಿನ ಸ್ವಂತ ಸದ್ದನ್ನು ಬಿಡಿಸಿ ಬಿಡಿಸಿ ರೆಕಾರ್ಡ್ ಮಾಡಿದೆ: ಹಿಡಿ ತಿರುಗುವ ಸದ್ದು, ಚಿಲಕದ ನಾಲಗೆ ಹಿಂದೆ ಸರಿಯುವ ಕಟ್, ಕೀಲಿನ ನರಳಾಟ, ಮುಚ್ಚುವಾಗ ಮರ ಮರಕ್ಕೆ ತಾಗುವ ಭಾರ, ಅದರ ಹಿಂದೆಯೇ ನಾಲಗೆ ಗುಳಿಗೆ ಬೀಳುವ ಚಟ್. ಕೀಲಿನ ಸದ್ದನ್ನು ಕೊನೆಗೆ ಬಿಟ್ಟೇಬಿಟ್ಟೆ. ನಿತ್ಯ ಬಳಸುವ ಮನೆಯ ಬಾಗಿಲು ಅಷ್ಟು ನರಳುವುದಿಲ್ಲ, ಹಾಕಿದರೆ ನೋಡುವವರು ಏನೋ ಕೆಡುಕನ್ನು ಕಾಯತೊಡಗುತ್ತಾರೆ. ಮುಚ್ಚುವ ಸದ್ದಿಗೆ ಭಾರ ಸಾಲದೆ ಎರಡು ರೆಕಾರ್ಡಿಂಗ್‌ಗಳನ್ನು ಒಂದರ ಮೇಲೊಂದು ಇಟ್ಟೆ. ಹೀಗೆ ಇಟ್ಟಾಗ ಸದ್ದು ಇನ್ನೂ ತೆಳ್ಳಗಾದರೆ ಎರಡರ ತರಂಗಗಳು ಒಂದನ್ನೊಂದು ಅಳಿಸುತ್ತಿವೆ ಎಂದು ಅರ್ಥ. ಒಂದರ ಪೋಲಾರಿಟಿ ತಿರುಗಿಸಿ, ಅಂದರೆ ಅದರ ತರಂಗವನ್ನು ತಲೆಕೆಳಗು ಮಾಡಿ ಕೇಳಬೇಕು. ಇಲ್ಲಿ ತಿರುಗಿಸಿದೊಡನೆ ಕೆಳಗಿನ ಗುಮ್ಮೆಂಬ ಭಾರ ಮರಳಿ ಬಂತು.

ಹೆಜ್ಜೆ, ಬಟ್ಟೆ, ಬೀಗದ ಕೈ

ಚಿತ್ರವನ್ನು ನೋಡುತ್ತ, ಅದರ ಜತೆಜತೆಗೇ ಸದ್ದನ್ನು ಅಭಿನಯಿಸಿ ರೆಕಾರ್ಡ್ ಮಾಡುವುದಕ್ಕೆ ಫೋಲಿ ಎನ್ನುತ್ತಾರೆ. ಯೂನಿವರ್ಸಲ್ ಸ್ಟುಡಿಯೊದಲ್ಲಿ ಈ ಕೆಲಸ ಮಾಡುತ್ತಿದ್ದ ಜ್ಯಾಕ್ ಫೋಲಿಯ ಹೆಸರೇ ಅದಕ್ಕೆ ಉಳಿದುಕೊಂಡಿದೆ. ಹೆಜ್ಜೆಗಳಿಗೆ ಸಿದ್ಧ ಸಂಗ್ರಹದ ತುಣುಕುಗಳನ್ನು ಒಂದೊಂದಾಗಿ ಕೂರಿಸಬಹುದು, ಆದರೆ ನಡೆಯುವ ಮನುಷ್ಯ ಎಲ್ಲ ಹೆಜ್ಜೆಗೂ ಒಂದೇ ಭಾರ ಹಾಕುವುದಿಲ್ಲ. ಬಾಗಿಲು ಮುಚ್ಚಲು ತಿರುಗುವಾಗ ಆತ ಒಂದು ಕಾಲನ್ನು ನೆಲಕ್ಕೆ ಉಜ್ಜುತ್ತಾನೆ. ಆ ಉಜ್ಜಾಟ ಯಾವ ಸಂಗ್ರಹದಲ್ಲೂ ಸಿಗುವುದಿಲ್ಲ, ನಡೆದೇ ಪಡೆಯಬೇಕು.

ಶೂ ಕೈಯಲ್ಲಿ ಹಿಡಿದು ನೆಲಕ್ಕೆ ಬಡಿದರೆ ಮೈಯ ಭಾರ ಬರುವುದಿಲ್ಲ. ಹಾಕಿಕೊಂಡು, ನಿಂತಲ್ಲೇ, ಮೊದಲು ಹಿಮ್ಮಡಿ ಆಮೇಲೆ ಮುಂಗಾಲು ಎಂದು ಊರುತ್ತ ಹೋದೆ. ಮೈಕ್ ಒಂದು ಮೀಟರ್ ದೂರದಲ್ಲಿ, ಮೊಣಕಾಲಿನ ಎತ್ತರದಲ್ಲಿ. ನೆಲ ಚಿತ್ರದಲ್ಲಿರುವಂತೆ ಟೈಲ್ಸ್. ಆತ ಮಳೆಯಿಂದ ಬಂದವನಾದ್ದರಿಂದ ಟೈಲ್ಸ್ ಮೇಲೆ ಒದ್ದೆ ಬಟ್ಟೆ ಹಾಸಿ ಮೊದಲ ಹೆಜ್ಜೆಗಳನ್ನು ಹಿಡಿದೆ: ಊರುವಾಗ ಪಚಕ್, ಎತ್ತುವಾಗ ಅಂಟು ಬಿಡುವ ಸಣ್ಣ ಸದ್ದು. ಜಾಕೆಟ್ ಕಳಚಿದ ನಂತರದ ಹೆಜ್ಜೆಗಳಿಗೆ ಬಟ್ಟೆ ತೆಗೆದು, ಬರಿಯ ಒದ್ದೆ ಟೈಲ್ಸ್. ಮೇಜಿನ ಹತ್ತಿರದ ಕೊನೆಯವು ಬಹುತೇಕ ಒಣಗಿದವು. ಇದನ್ನು ಯಾರೂ ಗಮನಿಸುವುದಿಲ್ಲ, ಗಮನಿಸಬೇಕಾಗಿಯೂ ಇಲ್ಲ. ಕೊನೆಯವರೆಗೂ ಪಚಕ್ ಪಚಕ್ ಎನ್ನುತ್ತಿದ್ದರೆ ಮಾತ್ರ ಗಮನ ಅಲ್ಲಿಗೇ ಹೋಗುತ್ತದೆ.

ಹೆಜ್ಜೆಯನ್ನು ಯಾವ ಫ್ರೇಮ್‌ಗೆ ಕೂರಿಸಬೇಕು? ಪಾದ ಇಳಿಯುತ್ತಿರುವ ಫ್ರೇಮ್‌ಗಲ್ಲ, ಹಿಮ್ಮಡಿಯ ಚಲನೆ ನಿಂತ ಮೊದಲ ಫ್ರೇಮ್‌ಗೆ. ಅನುಮಾನವಿದ್ದರೆ ಒಂದು ಫ್ರೇಮ್ ತಡವಾಗಲಿ, ಮುಂಚಿತವಾಗುವುದು ಬೇಡ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರಸಾರ ಶಿಫಾರಸಿನ ಪ್ರಕಾರ ಸದ್ದು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದೆ ಬಂದರೆ ನೋಡುವವರಿಗೆ ಗೊತ್ತಾಗತೊಡಗುತ್ತದೆ, ತಡವಾದರೆ ಸುಮಾರು 125 ಮಿಲಿಸೆಕೆಂಡ್‌ವರೆಗೆ ಗೊತ್ತಾಗುವುದಿಲ್ಲ. 25 ಫ್ರೇಮ್‌ಗಳ ಲೆಕ್ಕದಲ್ಲಿ ಮುಂದಕ್ಕೆ ಒಂದು ಫ್ರೇಮ್, ಹಿಂದಕ್ಕೆ ಮೂರು. ಇದರಲ್ಲಿ ಅಚ್ಚರಿಯೇನಿಲ್ಲ. ಹತ್ತು ಮೀಟರ್ ದೂರದಲ್ಲಿ ನಡೆಯುವವನ ಹೆಜ್ಜೆ ನಮ್ಮ ಕಿವಿ ಮುಟ್ಟಲು 29 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ತಡವಾದ ಸದ್ದು ನಮಗೆ ಹುಟ್ಟಿನಿಂದ ರೂಢಿ, ಮುಂಚೆ ಬರುವ ಸದ್ದನ್ನು ನಾವು ಲೋಕದಲ್ಲಿ ಎಲ್ಲೂ ಕೇಳಿಲ್ಲ.

ಬಟ್ಟೆಯ ಸರಸರಕ್ಕೆ ಪ್ರತ್ಯೇಕ ಟ್ರ್ಯಾಕ್ ಬೇಕೇ ಬೇಕು. ದಪ್ಪ ಜಾಕೆಟ್ಟನ್ನು ನೀರಿನಲ್ಲಿ ಅದ್ದಿ ಹಿಂಡಿ, ದೃಶ್ಯದ ಉದ್ದಕ್ಕೂ ಆತನ ತೋಳು ಆಡಿದಂತೆ ಅದನ್ನು ಆಡಿಸುತ್ತ ಒಂದೇ ಓಟದಲ್ಲಿ ರೆಕಾರ್ಡ್ ಮಾಡಿದೆ. ಮಿಶ್ರಣದಲ್ಲಿ ಅದು ಹೆಜ್ಜೆಗಿಂತ 14 ಡೆಸಿಬೆಲ್ ಕೆಳಗಿದೆ. ಜಾಕೆಟ್ ಕಳಚುವ ಕ್ಷಣದಲ್ಲಿ ಮಾತ್ರ ಮೇಲೆ ಬರುತ್ತದೆ, ಅದಾದ ಮೇಲೆ ತೆಳು ಅಂಗಿಯ ಸದ್ದಿಗೆ ಬದಲಾಗುತ್ತದೆ.

ಬೀಗದ ಕೈ ಮೇಜಿಗೆ ತಾಗುವುದು ಹತ್ತಿರದ ಶಾಟ್. ಇಲ್ಲಿ ಸದ್ದು ಒಂದಲ್ಲ: ಮೊದಲು ಉಂಗುರ ಮರಕ್ಕೆ ತಾಗುತ್ತದೆ, ಮರುಕ್ಷಣ ಬೀಗದ ಕೈಗಳು ಹರಡಿಕೊಳ್ಳುತ್ತವೆ, ಬೆರಳು ಬಿಟ್ಟ ಮೇಲೆ ಒಂದು ಬೀಗದ ಕೈ ಜಾರಿ ಮಲಗುತ್ತದೆ. ಚಿತ್ರದಲ್ಲಿ ಆ ಕೊನೆಯ ಜಾರುವಿಕೆ ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕಾಗಿ ಸರಿಯಾದ ಗೊಂಚಲು ಸಿಗುವವರೆಗೂ ಹುಡುಕಿದೆ. ದಪ್ಪ ಕೈಗಳ ಗೊಂಚಲು ಕಾರಾಗೃಹದ ಕಾವಲುಗಾರನದ್ದರಂತೆ ಕೇಳುತ್ತಿತ್ತು, ಮೂರು ಸಣ್ಣ ಕೈಗಳದ್ದು ಹೊಂದಿತು.

ಎಲ್ಲವನ್ನೂ ಒಂದೇ ಕೋಣೆಗೆ ತರುವುದು

ಹತ್ತಿರದಿಂದ ಹಿಡಿದ ಸದ್ದುಗಳಿಗೆಲ್ಲ ಒಂದು ಸಮಾನ ರೋಗವಿದೆ. ಅವು ಪರದೆಯೊಳಗೆ ಇರುವುದಿಲ್ಲ, ಪರದೆಯ ಮುಂದೆ ಇರುತ್ತವೆ. ಕಂಡುಹಿಡಿಯುವ ಬಗೆ: ಕಣ್ಣು ಮುಚ್ಚಿ ಕೇಳಬೇಕು. ದೂರದ ಶಾಟ್‌ನಲ್ಲಿ ಹೆಜ್ಜೆಗಳು ನಮ್ಮ ಕುರ್ಚಿಯ ಪಕ್ಕದಲ್ಲೇ ಬೀಳುತ್ತಿದ್ದರೆ ಕೆಲಸ ಬಾಕಿಯಿದೆ.

ಹೆಜ್ಜೆ, ಬಟ್ಟೆ, ಬಾಗಿಲು, ಬೀಗದ ಕೈ ಎಲ್ಲವನ್ನೂ ಒಂದೇ ರಿವರ್ಬ್ ಬಸ್‌ಗೆ, ಅಂದರೆ ಕೋಣೆಯ ಅನುರಣನ ಸೇರಿಸುವ ಒಂದೇ ಸಾಮಾನ್ಯ ಟ್ರ್ಯಾಕ್‌ಗೆ ಕಳುಹಿಸಿದೆ. ಪ್ರತಿ ಸದ್ದಿಗೂ ಬೇರೆ ಬೇರೆ ರಿವರ್ಬ್ ಕೊಟ್ಟರೆ ಪ್ರತಿಯೊಂದೂ ಬೇರೆ ಕೋಣೆಯಲ್ಲಿ ಆದಂತಾಗುತ್ತದೆ. ರೂಮ್ ಟೋನ್ ಹಿಡಿದ ಕೋಣೆಯಲ್ಲೇ ಬಲೂನ್ ಒಡೆದು ಅದರ ಪ್ರತಿಧ್ವನಿಯನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ನಿಜವಾದ ಕೋಣೆಯೊಂದರ ಅನುರಣನವನ್ನು ಬೇರೆ ಸದ್ದುಗಳಿಗೆ ಹಚ್ಚುವ ಕನ್ವಲ್ಯೂಷನ್ ರಿವರ್ಬ್‌ಗೆ ಅದನ್ನೇ ಊಡಿದೆ. ಪೀಠೋಪಕರಣವಿರುವ ಕೋಣೆಯಾದ್ದರಿಂದ ಸದ್ದು ಅರ್ಧ ಸೆಕೆಂಡಿನೊಳಗೆ ಆರಿಹೋಗುತ್ತದೆ. ಅದಕ್ಕಿಂತ ಉದ್ದವಾದರೆ ಖಾಲಿ ಸಭಾಂಗಣ ಎನ್ನಿಸುತ್ತದೆ. ಬಸ್‌ಗೆ ಹೋಗುವ ಮುನ್ನ 200 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದೆ, ಇಲ್ಲದಿದ್ದರೆ ಬಾಗಿಲಿನ ಭಾರವೆಲ್ಲ ಮಸಿಯಾಗಿ ಹರಡುತ್ತದೆ. ದೂರದ ಶಾಟ್‌ನಲ್ಲಿ ನೇರ ಸದ್ದು 3 ಡೆಸಿಬೆಲ್ ಕಡಿಮೆ, ರಿವರ್ಬ್ ಅಷ್ಟೇ ಹೆಚ್ಚು. ಹತ್ತಿರದ ಶಾಟ್‌ನಲ್ಲಿ ತದ್ವಿರುದ್ಧ.

ಮಳೆಯನ್ನು ಮಾತ್ರ ಶಾಟ್‌ನಿಂದ ಶಾಟ್‌ಗೆ ಬದಲಾಯಿಸಲಿಲ್ಲ. ಬಾಗಿಲು ಮೊದಲ ಶಾಟ್‌ನಲ್ಲಿ ಎಡಕ್ಕಿದೆ, ಕ್ಯಾಮೆರಾ ತಿರುಗಿದ ಮೇಲೆ ಬಲಕ್ಕಿದೆ. ಪ್ರತಿ ಕಟ್‌ಗೂ ಮಳೆ ಎಡದಿಂದ ಬಲಕ್ಕೆ ಹಾರಿದರೆ ಕಟ್‌ಗಳೇ ಎದ್ದು ಕಾಣುತ್ತವೆ. ಹಿನ್ನೆಲೆ ಅಗಲವಾಗಿ, ಒಂದೇ ಸಮನೆ ಹರಿಯುತ್ತಿದ್ದರೆ ಆರು ಶಾಟ್‌ಗಳನ್ನೂ ಅದೇ ಹೊಲಿದುಬಿಡುತ್ತದೆ. ಒಂದೇ ಒಂದು ವಿನಾಯಿತಿ ಕೊನೆಯ ಕಿಟಕಿಯ ಶಾಟ್. ಅಲ್ಲಿ ಗಾಜಿನ ಹನಿಯ ಪದರವನ್ನು 4 ಡೆಸಿಬೆಲ್ ಏರಿಸಿದೆ, ಕಟ್‌ನ ಮೇಲಲ್ಲ, ಆತ ಕಿಟಕಿಯತ್ತ ಎರಡು ಹೆಜ್ಜೆ ಇಡುವ ಅವಧಿಯಲ್ಲಿ.

ಗಡಿಯಾರದ ವಿಷಯ ನನಗೆ ತುಂಬ ಖುಷಿ ಕೊಟ್ಟಿತು. ಸೆಕೆಂಡಿನ ಮುಳ್ಳು ಜಿಗಿಯುವುದು ಎರಡು ಶಾಟ್‌ಗಳಲ್ಲಿ ಕಾಣುತ್ತದೆ, ಆದ್ದರಿಂದ ಟಿಕ್ ಸದ್ದು ಸರಿಯಾಗಿ 25 ಫ್ರೇಮ್‌ಗೊಮ್ಮೆ, ಆ ಜಿಗಿತದ ಮೇಲೆಯೇ ಬರಬೇಕು. ಒಂದೇ ಟಿಕ್ಕನ್ನು ನಕಲು ಮಾಡದೆ, ನಿಜವಾದ ಗಡಿಯಾರದ ಉದ್ದನೆಯ ರೆಕಾರ್ಡಿಂಗ್ ಹಾಕಿದೆ. ಒಂದೊಂದು ಟಿಕ್ಕಿಗೂ ಕೂದಲೆಳೆಯಷ್ಟು ವ್ಯತ್ಯಾಸವಿರುತ್ತದೆ. ಅದನ್ನು ದೃಶ್ಯದ ಮೊದಲ ಫ್ರೇಮ್‌ನಿಂದಲೇ, ಒಂದೇ ಮಟ್ಟದಲ್ಲಿ ಓಡಿಸಿದೆ. ಬಾಗಿಲು ತೆರೆದಿರುವಾಗ ಮಳೆ ಅದನ್ನು ನುಂಗಿಬಿಡುತ್ತದೆ. ಬಾಗಿಲು ಮುಚ್ಚಿ ಮಳೆಯ ಸದ್ದು ತಗ್ಗಿದೊಡನೆ ಟಿಕ್ ತಾನಾಗಿಯೇ ಮೇಲೆ ಬರುತ್ತದೆ. ಅದಕ್ಕೆ ಫೇಡ್ ಬೇಕಾಗಲಿಲ್ಲ.

ಕೊನೆಯ ತಪಾಸಣೆ

ಹೆಡ್‌ಫೋನಿನಲ್ಲಿ ಎಲ್ಲ ಸರಿಯಿತ್ತು. ಮೊಬೈಲಿನ ಸ್ವಂತ ಸ್ಪೀಕರ್‌ನಲ್ಲಿ ಹಾಕಿದಾಗ ಬಾಗಿಲು ಮುಚ್ಚಿದ ಮೇಲೆ ಮಳೆ ನಿಂತೇಹೋಯಿತು. ಅಷ್ಟು ಪುಟ್ಟ ಸ್ಪೀಕರ್ ತಗ್ಗಿನ ಸ್ವರಗಳನ್ನು ಹೊರಡಿಸಲಾರದು. ಮುಚ್ಚಿದ ಬಾಗಿಲಿನ ಮಳೆಯಲ್ಲಿ ಉಳಿದಿದ್ದುದೇ ಹೆಚ್ಚಾಗಿ ತಗ್ಗಿನ ಸ್ವರಗಳು. ಫಿಲ್ಟರನ್ನು ಮೇಲಕ್ಕೆ ತೆಗೆದರೆ ಗೋಡೆಯೇ ಕರಗುತ್ತದೆ, ಆದ್ದರಿಂದ ಅದನ್ನು ಮುಟ್ಟಲಿಲ್ಲ. ಬದಲಿಗೆ ಗಾಜಿನ ಹನಿಯ ಪದರವನ್ನು ಇಡೀ ಒಳಾಂಗಣದಲ್ಲಿ 2 ಡೆಸಿಬೆಲ್ ಏರಿಸಿ, ಅದರಲ್ಲಿ 2,000ದಿಂದ 4,000 ಹರ್ಟ್ಸ್ ನಡುವೆ ತುಸು ಉಬ್ಬು ಕೊಟ್ಟೆ. ಗಾಜಿನ ಸದ್ದು ಕೋಣೆಯ ಒಳಗೇ ಹುಟ್ಟುವಂಥದ್ದು, ಅದಕ್ಕೆ ಹೊಳಪಿದ್ದರೆ ಸುಳ್ಳೆನಿಸುವುದಿಲ್ಲ. ಮೊಬೈಲಿನಲ್ಲಿ ಮಳೆ ಮರಳಿ ಬಂತು, ಹೆಡ್‌ಫೋನಿನಲ್ಲಿ ಏನೂ ಕೆಡಲಿಲ್ಲ. ಕಿಟಕಿಯ ಶಾಟ್‌ನ ಏರಿಕೆಯನ್ನು ಅದಕ್ಕೆ ತಕ್ಕಂತೆ 4ರಿಂದ 3ಕ್ಕೆ ಇಳಿಸಿದೆ.

ಆಮೇಲೆ ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡದೆ ಧ್ವನಿಯನ್ನು ಜೋಡಿಸಿ ಕಳುಹಿಸಿದೆ.

```
ffmpeg -i drishya.mp4 -i dhwani.wav -map 0:v -map 1:a -c:v copy -c:a aac -b:a 256k final.mp4
```

ಹೊರಬಂದ ಕಡತವನ್ನು ಎಡಿಟಿಂಗ್ ತಂತ್ರಾಂಶದ ಹೊರಗೆ, ಸಾಮಾನ್ಯ ಪ್ಲೇಯರಿನಲ್ಲಿ ತೆರೆದು ಎರಡು ಜಾಗಗಳನ್ನು ನೋಡಿದೆ: ಬಾಗಿಲು ಮುಚ್ಚುವ ಫ್ರೇಮ್ ಮತ್ತು ಬೀಗದ ಕೈ ಮೇಜಿಗೆ ತಾಗುವ ಫ್ರೇಮ್. ಒಂದು ಆರಂಭದ ಹತ್ತಿರವಿದೆ, ಇನ್ನೊಂದು ಕೊನೆಯ ಹತ್ತಿರ. ಎರಡೂ ತಮ್ಮ ಜಾಗದಲ್ಲೇ ಇದ್ದವು, ನಡುವೆ ಎಲ್ಲೂ ಜಾರಿರಲಿಲ್ಲ.